ಕತ್ತರಿಸಿದ ಚಿತ್ರದ ಸುತ್ತ ಉಳಿಯುವ ಬಿಳಿ ಅಂಚು: ಕಾರಣ ಪತ್ತೆ ಮಾಡಿ ತೆಗೆಯುವ ಬಗೆ

ಚನ್ನಪಟ್ಟಣದ ಗೊಂಬೆಗಳನ್ನು ಮಾರುವ ಗೆಳೆಯರೊಬ್ಬರಿಗೆ ದಸರೆಯ ಹೊತ್ತಿಗೆ ಒಂದು ಪೋಸ್ಟರ್ ಬೇಕಿತ್ತು. ಕಡುಹಸಿರು ಹಿನ್ನೆಲೆ, ನಡುವೆ ಅರಗಿನ ಬಣ್ಣ ಹಚ್ಚಿದ ಕೆಂಪು ಬುಗುರಿ. ಕಿಟಕಿಯ ಪಕ್ಕ ಬಿಳಿ ಡ್ರಾಯಿಂಗ್ ಹಾಳೆಯ ಮೇಲೆ ಬುಗುರಿ ಇಟ್ಟು ಮೊಬೈಲ್‌ನಲ್ಲಿ ಫೋಟೊ ತೆಗೆದೆವು. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಬಿಳಿ ಜಾಗವನ್ನು ಆಯ್ಕೆ ಮಾಡಿ ಅಳಿಸಿದೆವು, ಪಿಎನ್‌ಜಿಯಾಗಿ ಉಳಿಸಿದೆವು. ಬಿಳಿ ಪುಟದ ಮೇಲೆ ಇಟ್ಟು ನೋಡಿದಾಗ ಚಿತ್ರ ಅಚ್ಚುಕಟ್ಟಾಗಿತ್ತು. ಕಡುಹಸಿರಿನ ಮೇಲೆ ಇಟ್ಟ ಕೂಡಲೇ ಬುಗುರಿಯ ಸುತ್ತ ಯಾರೋ ಸೀಮೆಸುಣ್ಣದಿಂದ ತೆಳುವಾದ ಗೆರೆ ಎಳೆದಂತೆ ಕಂಡಿತು.

ಈ ಗೆರೆಯನ್ನು ಕಂಡವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ರಬ್ಬರ್ ಹಿಡಿದು ಅಂಚನ್ನು ಉಜ್ಜುವುದು. ಗೆರೆ ಕೆಲವೆಡೆ ಹೋಗುತ್ತದೆ, ಕೆಲವೆಡೆ ಉಳಿಯುತ್ತದೆ, ಬುಗುರಿಯ ದುಂಡಗಿನ ಅಂಚು ಇಲಿ ಕಡಿದಂತಾಗುತ್ತದೆ. ರಬ್ಬರ್ ಹಿಡಿಯುವ ಮೊದಲು ಆ ಗೆರೆ ಎಲ್ಲಿಂದ ಬಂತು ಎಂದು ತಿಳಿಯಬೇಕು. ಕಣ್ಣಿಗೆ ಒಂದೇ ರೀತಿ ಕಾಣುವ ಬಿಳಿ ಅಂಚಿಗೆ ಬೇರೆ ಬೇರೆ ಕಾರಣಗಳಿವೆ, ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ಪಾರದರ್ಶಕತೆ ಇದೆಯೇ ನೋಡಿ

ಅಂಚಿಗೆ ಹೋಗುವ ಮುನ್ನ ಒಂದು ಸಣ್ಣ ಅನುಮಾನವನ್ನು ಕಳೆದುಕೊಳ್ಳಬೇಕು. ಬುಗುರಿಯ ಸುತ್ತ ತೆಳುವಾದ ಗೆರೆಯಲ್ಲ, ಇಡೀ ಚೌಕವೇ ಬಿಳಿಯಾಗಿಯೋ ಕಪ್ಪಾಗಿಯೋ ಕಾಣುತ್ತಿದ್ದರೆ ಚಿತ್ರದಲ್ಲಿ ಪಾರದರ್ಶಕತೆಯೇ ಉಳಿದಿಲ್ಲ ಎಂದರ್ಥ. ಜೆಪೆಗ್ ಮಾದರಿಯಲ್ಲಿ ಪಾರದರ್ಶಕತೆಗೆ ಜಾಗವೇ ಇಲ್ಲ. ಮೆಸೇಜಿಂಗ್ ಆ್ಯಪ್‌ನಲ್ಲಿ ಪಿಎನ್‌ಜಿಯನ್ನು ಫೋಟೊ ಎಂದು ಕಳುಹಿಸಿದರೆ ಅದು ದಾರಿಯಲ್ಲೇ ಜೆಪೆಗ್ ಆಗಿಬಿಡುವುದು ಸಾಮಾನ್ಯ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಕಡತ ಇದ್ದಂತೆಯೇ ತಲುಪುತ್ತದೆ. ಬೂದು ಮತ್ತು ಬಿಳಿ ಚೌಕಗಳ ಹಾಸು ಚಿತ್ರದ ಜೊತೆಗೇ ಅಂಟಿಕೊಂಡು ಬಂದಿದ್ದರೆ ಅದು ಪಾರದರ್ಶಕ ಚಿತ್ರವಲ್ಲ, ಪಾರದರ್ಶಕ ಚಿತ್ರದ ಸ್ಕ್ರೀನ್‌ಶಾಟ್. ಈ ಎರಡರಲ್ಲೂ ಅಂಚನ್ನು ತಿದ್ದಿ ಪ್ರಯೋಜನವಿಲ್ಲ, ಮೂಲ ಕಡತವನ್ನೇ ಮತ್ತೆ ತರಿಸಿಕೊಳ್ಳಬೇಕು.

ಗಿಂಪ್‌ನಲ್ಲಿ ಜೆಪೆಗ್ ಫೋಟೊ ತೆರೆದು ಬಿಳಿ ಜಾಗವನ್ನು ಅಳಿಸಿದಾಗ ಚೌಕಗಳ ಹಾಸಿನ ಬದಲು ಮತ್ತೆ ಬಿಳಿಯೇ ಬಂದರೆ ಆ ಪದರಕ್ಕೆ ಪಾರದರ್ಶಕತೆಯನ್ನು ಹಿಡಿದಿಡುವ ಆಲ್ಫಾ ಚಾನೆಲ್ ಇಲ್ಲ. Layer > Transparency > Add Alpha Channel ಒತ್ತಿ ಮತ್ತೆ ಅಳಿಸಿ.

ಅಂಚಿನ ಒಂದು ಪಿಕ್ಸೆಲ್‌ನಲ್ಲಿ ಏನಿದೆ

ಬುಗುರಿ ಎಲ್ಲಿ ಮುಗಿದು ಹಾಳೆ ಎಲ್ಲಿ ಶುರುವಾಗುತ್ತದೆ ಎಂಬ ಗಡಿ ಪಿಕ್ಸೆಲ್‌ಗಳ ಚೌಕಟ್ಟಿಗೆ ಸರಿಯಾಗಿ ಬೀಳುವುದಿಲ್ಲ. ಗಡಿಯ ಮೇಲೆ ಕುಳಿತ ಪಿಕ್ಸೆಲ್‌ನ ಒಂದು ಭಾಗದಲ್ಲಿ ಬುಗುರಿಯ ಕೆಂಪು, ಇನ್ನೊಂದು ಭಾಗದಲ್ಲಿ ಹಾಳೆಯ ಬಿಳಿ ಇರುತ್ತದೆ. ಕ್ಯಾಮೆರಾ ಎರಡನ್ನೂ ಕಲಸಿ ಒಂದೇ ಬಣ್ಣ ಬರೆಯುತ್ತದೆ. ನಮ್ಮ ಬುಗುರಿಯ ಬಣ್ಣದಲ್ಲಿ ಕೆಂಪು, ಹಸಿರು, ನೀಲಿಯ ಅಂಶಗಳು 0 ರಿಂದ 255ರ ಅಳತೆಯಲ್ಲಿ 180, 30, 40 ಇದ್ದವು. ಅರ್ಧ ಕೆಂಪು, ಅರ್ಧ ಬಿಳಿ ಸೇರಿದ ಪಿಕ್ಸೆಲ್ ಸುಮಾರು 218, 143, 148 ಆಗುತ್ತದೆ, ಅಂದರೆ ತಿಳಿಗುಲಾಬಿ. (ಲೆಕ್ಕ ಸುಲಭವಾಗಲೆಂದು ನೇರ ಸರಾಸರಿ ಹಿಡಿದಿದ್ದೇನೆ. ಕ್ಯಾಮೆರಾ ಕಲಸುವುದು ಬೆಳಕನ್ನು, ಹಾಗಾಗಿ ನಿಜವಾದ ಫೋಟೊದಲ್ಲಿ ಈ ಗುಲಾಬಿ ಇನ್ನೂ ತಿಳಿಯಾಗಿರುತ್ತದೆ.)

ಬಿಳಿ ಹಿನ್ನೆಲೆಯಲ್ಲಿ ಈ ಗುಲಾಬಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕೆಂಪಿನಿಂದ ಬಿಳಿಗೆ ಇಳಿಯುವ ಮೆಟ್ಟಿಲಿನಂತೆ ಅದು ಅಂಚನ್ನು ನಯವಾಗಿಸುತ್ತದೆ. ಅದೇ ಪಿಕ್ಸೆಲ್ ಕಡುಹಸಿರಿನ ಮೇಲೆ ಹೋದಾಗ ಕೆಂಪಿಗಿಂತಲೂ ಹಸಿರಿಗಿಂತಲೂ ಬೆಳ್ಳಗೆ ಹೊಳೆಯುತ್ತದೆ. ನಮಗೆ ಕಂಡ ಸೀಮೆಸುಣ್ಣದ ಗೆರೆ ಇದೇ.

ಪಿಎನ್‌ಜಿಯಲ್ಲಿ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳ ಜೊತೆ ಆಲ್ಫಾ ಎಂಬ ನಾಲ್ಕನೆಯ ಸಂಖ್ಯೆ ಇರುತ್ತದೆ. ಆಲ್ಫಾ 0 ಎಂದರೆ ಪೂರ್ತಿ ಪಾರದರ್ಶಕ, 255 ಎಂದರೆ ಪೂರ್ತಿ ಗಟ್ಟಿ. ಬಣ್ಣ ಮತ್ತು ಆಲ್ಫಾ ಎರಡೂ ಪ್ರತ್ಯೇಕವಾಗಿ ಉಳಿಯುತ್ತವೆ ಎಂಬುದನ್ನು ನೆನಪಿನಲ್ಲಿಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಅಂಚಿನ ಪಿಕ್ಸೆಲ್ ಸರಿಯಾಗಿರಬೇಕಾದರೆ ಅದರ ಬಣ್ಣ ಬುಗುರಿಯ ಶುದ್ಧ ಕೆಂಪಾಗಿರಬೇಕು, ಆಲ್ಫಾ ಅರ್ಧಕ್ಕಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಗೆರೆ ಏಳುತ್ತದೆ.

ಪತ್ತೆ: ಪಿಕ್ಸೆಲ್‌ಗೆ ಎರಡು ಪ್ರಶ್ನೆ

ಚಿತ್ರದ ಕೆಳಗೆ ಒಂದು ಹೊಸ ಪದರ ಹಾಕಿ ಕಪ್ಪು ತುಂಬಿಸಿ. ಶೇ 800ರಷ್ಟು ಹಿಗ್ಗಿಸಿ ಅಂಚಿನ ಬಳಿ ಹೋಗಿ. Color Picker ಉಪಕರಣ ತೆಗೆದುಕೊಂಡು ಅದರ ಆಯ್ಕೆಗಳಲ್ಲಿ Sample merged ಗುರುತನ್ನು ತೆಗೆದುಹಾಕಿ, ಇಲ್ಲದಿದ್ದರೆ ಕೆಳಗಿನ ಕಪ್ಪೂ ಸೇರಿದ ಬಣ್ಣ ಸಿಗುತ್ತದೆ. Use info window ಗುರುತು ಹಾಕಿ. ಈಗ ಗೆರೆಯ ಮೇಲೆ ನಾಲ್ಕಾರು ಕಡೆ ಕ್ಲಿಕ್ ಮಾಡಿ ಎರಡೇ ಪ್ರಶ್ನೆ ಕೇಳಿ. ಈ ಪಿಕ್ಸೆಲ್‌ನ ಬಣ್ಣವೇನು? ಇದರ ಆಲ್ಫಾ ಎಷ್ಟು?

ಬಣ್ಣ ತಿಳಿಗುಲಾಬಿ, ಆಲ್ಫಾ ಶೇ 100 ಎಂದು ಬಂದರೆ ಆಯ್ಕೆ ಹೊರಗಡೆಯೇ ನಿಂತುಬಿಟ್ಟಿದೆ. ಹಾಳೆಯ ಬಿಳಿ ಕಲಸಿದ ಪಿಕ್ಸೆಲ್‌ಗಳು ಗಟ್ಟಿಯಾಗಿ ಬುಗುರಿಯ ಜೊತೆಗೇ ಬಂದಿವೆ.

ಬಣ್ಣ ತಿಳಿಗುಲಾಬಿ, ಆಲ್ಫಾ ಶೇ 20, 50, 70 ಎಂದು ನಡುವೆ ಎಲ್ಲೋ ಇದ್ದರೆ ಕತ್ತರಿಸಿದ ಜಾಗ ಸರಿಯಿದೆ, ಬಣ್ಣ ಮಾತ್ರ ಕೆಟ್ಟಿದೆ. ಬಿಳಿ ಇನ್ನೂ ಬಣ್ಣದೊಳಗೇ ಕುಳಿತಿದೆ.

ಬಣ್ಣವೂ ಕೆಂಪು, ಆಲ್ಫಾವೂ ಹದವಾಗಿ ಇಳಿಯುತ್ತಿದೆ, ಗಿಂಪ್‌ನಲ್ಲಿ ಕಪ್ಪಿನ ಮೇಲೆ ಗೆರೆಯೇ ಇಲ್ಲ, ಬೇರೊಂದು ತಂತ್ರಾಂಶಕ್ಕೆ ಹಾಕಿ ಕುಗ್ಗಿಸಿದಾಗ ಮಾತ್ರ ಬಿಳಿ ಏಳುತ್ತದೆ ಎಂದಾದರೆ ದೋಷ ಅಂಚಿನಲ್ಲಿಲ್ಲ, ಅಂಚಿನ ಹೊರಗೆ ಕಣ್ಣಿಗೆ ಕಾಣದ ಪಿಕ್ಸೆಲ್‌ಗಳಲ್ಲಿದೆ.

ಇನ್ನೊಂದು ಸ್ಥಿತಿಯೂ ಇದೆ. ಬೆಳ್ಳನೆಯ ಪಟ್ಟಿ ಒಂದೆರಡು ಪಿಕ್ಸೆಲ್ ಅಲ್ಲ, ಹತ್ತಿಪ್ಪತ್ತು ಪಿಕ್ಸೆಲ್ ಅಗಲವಿದ್ದು ಒಳಗಡೆಗೆ ನಿಧಾನವಾಗಿ ಕರಗುತ್ತಿದ್ದರೆ ಅದು ಕತ್ತರಿಸಿದ ತಪ್ಪೇ ಅಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಆಯ್ಕೆ ಹೊರಗೆ ನಿಂತಾಗ

ನಮ್ಮ ಬುಗುರಿಯಲ್ಲಿ ಮೊದಲು ಸಿಕ್ಕಿದ್ದು ಇದೇ. Fuzzy Select ಉಪಕರಣದಲ್ಲಿ Threshold 15 ಇಟ್ಟು ಬಿಳಿ ಹಾಳೆಯ ಮೇಲೆ ಕ್ಲಿಕ್ ಮಾಡಿದ್ದೆವು. ಆ ಉಪಕರಣ ಬಿಳಿಗೆ 15ರಷ್ಟು ಹತ್ತಿರವಿರುವ ಪಿಕ್ಸೆಲ್‌ಗಳನ್ನು ಮಾತ್ರ ಹಿಡಿಯುತ್ತದೆ. ತಿಳಿಗುಲಾಬಿಯ ಹಸಿರು ಅಂಶ 143, ಬಿಳಿಯ 255ರಿಂದ ಅದು ನೂರಕ್ಕೂ ಹೆಚ್ಚು ದೂರ. ಹಾಗಾಗಿ ಅದು ಹಾಳೆ ಎಂದು ಲೆಕ್ಕಕ್ಕೆ ಸಿಗದೆ ಬುಗುರಿಯ ಪಾಲಿಗೆ ಉಳಿಯಿತು.

Threshold ಅನ್ನು 100ಕ್ಕೆ ಏರಿಸಿದರೆ ಆಗದೇ ಎಂದು ಗೆಳೆಯರು ಕೇಳಿದರು. ಏರಿಸಿ ನೋಡಿದೆವು. ಗೆರೆ ತೆಳುವಾಯಿತು, ಆದರೆ ಬುಗುರಿಯ ಭುಜದ ಮೇಲೆ ಕಿಟಕಿಯ ಬೆಳಕು ಬಿದ್ದು ಹೊಳೆಯುವ ಜಾಗ ಅಂಚಿಗೆ ತಾಗಿದ ಕಡೆಯಿಂದ ಆಯ್ಕೆ ಒಳಗೆ ನುಗ್ಗಿ ಹೊಳಪನ್ನೇ ತಿಂದುಹಾಕಿತು. ಹೊಳಪಿನ ವಸ್ತುವಿಗೆ ಈ ದಾರಿ ಸರಿಯಲ್ಲ. 15 ರಿಂದ 30ರೊಳಗೆ ಇಟ್ಟು, ಉಳಿದ ಗೆರೆಯನ್ನು ಆಯ್ಕೆ ಕುಗ್ಗಿಸಿ ತೆಗೆಯುವುದೇ ಒಳ್ಳೆಯದು.

ಅಳಿಸುವ ಬದಲು ಮಾಸ್ಕ್, ಅಂದರೆ ಪದರದ ಬೇಡದ ಭಾಗವನ್ನು ಮರೆಮಾಡುವ ಮುಸುಕು, ಬಳಸಿ ಎಂದು ಒತ್ತಿ ಹೇಳುತ್ತೇನೆ. ಅಳಿಸಿದ್ದನ್ನು ಮರುದಿನ ತಿದ್ದಲು ಬರುವುದಿಲ್ಲ, ಮಾಸ್ಕ್ ಅನ್ನು ಎಷ್ಟು ಸಲವಾದರೂ ತಿದ್ದಬಹುದು. ಮೂಲ ಫೋಟೊ ತೆರೆದು ಬಿಳಿಯನ್ನು ಆಯ್ಕೆ ಮಾಡಿ, Select > Invert ಒತ್ತಿದರೆ ಬುಗುರಿ ಆಯ್ಕೆಯಾಗುತ್ತದೆ. ಈಗ Select > Shrink ತೆರೆದು 2 ಪಿಕ್ಸೆಲ್ ಕೊಡಿ. ನಂತರ Layer > Mask > Add Layer Mask ತೆರೆದು ಅಲ್ಲಿ Selection ಆರಿಸಿ. ಹಾಳೆ ಮಾಯವಾಗುತ್ತದೆ, ಆದರೆ ಎಲ್ಲಿಗೂ ಹೋಗಿರುವುದಿಲ್ಲ, ಮಾಸ್ಕ್‌ನ ಕಪ್ಪಿನ ಹಿಂದೆ ಅಡಗಿರುತ್ತದೆ.

ಕುಗ್ಗಿಸಿದ ಅಂಚು ಗರಗಸದಂತೆ ಕಂಡರೆ ಆಯ್ಕೆಯನ್ನು Select > None ಒತ್ತಿ ಬಿಡಿಸಿ, ಮಾಸ್ಕ್‌ನ ಚಿಕ್ಕ ಚಿತ್ರದ ಮೇಲೆ ಕ್ಲಿಕ್ ಮಾಡಿ Filters > Blur > Gaussian Blur ತೆರೆದು 1 ಪಿಕ್ಸೆಲ್‌ನಷ್ಟು ಮಸುಕಾಗಿಸಿ. ಮಸುಕು ಒಳಗೂ ಹೊರಗೂ ಹರಡುತ್ತದೆ. 1 ಪಿಕ್ಸೆಲ್ ಕುಗ್ಗಿಸಿ 1 ಪಿಕ್ಸೆಲ್ ಮಸುಕಾಗಿಸಿದರೆ ಹೊರಗಿನ ಗುಲಾಬಿ ಮತ್ತೆ ಅರೆಬರೆಯಾಗಿ ಇಣುಕುತ್ತದೆ. 2 ಕುಗ್ಗಿಸಲು ಹೇಳಿದ್ದು ಇದಕ್ಕಾಗಿಯೇ.

ಎರಡು ಪಿಕ್ಸೆಲ್ ಹೋದರೆ ಬುಗುರಿ ಸಣ್ಣದಾಗುವುದಿಲ್ಲವೇ? ನಮ್ಮ ಫೋಟೊ 3000 ಪಿಕ್ಸೆಲ್ ಅಗಲವಿತ್ತು, ಬಳಸುವ ಚಿತ್ರ 800 ಪಿಕ್ಸೆಲ್. ಅಷ್ಟಕ್ಕೆ ಕುಗ್ಗಿಸಿದಾಗ ಕಳೆದುಕೊಂಡ ಎರಡು ಪಿಕ್ಸೆಲ್ ಅರ್ಧ ಪಿಕ್ಸೆಲ್‌ನಷ್ಟೇ ಆಗುತ್ತದೆ. ಅಂಚಿನ ಕೆಲಸವನ್ನು ದೊಡ್ಡ ಫೋಟೊದಲ್ಲೇ ಮುಗಿಸಬೇಕು ಎನ್ನುವುದು ಈ ಕಾರಣಕ್ಕೆ. ಮೊದಲೇ 800ಕ್ಕೆ ಇಳಿಸಿ ಅಲ್ಲಿ ಎರಡು ಪಿಕ್ಸೆಲ್ ಕುಗ್ಗಿಸಿದರೆ ಬುಗುರಿಯ ಮೊಳೆ ಸೂಜಿಯಷ್ಟು ತೆಳುವಾಗುತ್ತದೆ.

ಮೊಬೈಲ್ ಫೋಟೊಗಳಲ್ಲಿ ಇನ್ನೊಂದು ತೊಡಕಿದೆ. ಚಿತ್ರ ಚುರುಕಾಗಿ ಕಾಣಲೆಂದು ಮೊಬೈಲ್ ತಾನಾಗಿಯೇ ಅಂಚುಗಳನ್ನು ತೀಕ್ಷ್ಣಗೊಳಿಸುತ್ತದೆ. ಆಗ ಗಡಿಯ ಒಂದು ಬದಿ ಇನ್ನೂ ಬೆಳ್ಳಗೆ, ಇನ್ನೊಂದು ಬದಿ ಇನ್ನೂ ಕಪ್ಪಗೆ ಆಗಿ ಗೆರೆ ಎರಡು ಮೂರು ಪಿಕ್ಸೆಲ್‌ವರೆಗೆ ದಪ್ಪವಾಗುತ್ತದೆ. ಅಂಥಲ್ಲಿ 2ಕ್ಕೆ ಬದಲು 3 ಕುಗ್ಗಿಸಬೇಕಾಗುತ್ತದೆ. ಎಷ್ಟು ಎಂಬುದನ್ನು ಊಹಿಸಬೇಡಿ, ಶೇ 800ರಲ್ಲಿ ಗೆರೆಯ ಪಿಕ್ಸೆಲ್‌ಗಳನ್ನು ಎಣಿಸಿ.

ಬಣ್ಣದೊಳಗೆ ಬಿಳಿ ಉಳಿದಾಗ

ಕುಗ್ಗಿಸಿದ ನಂತರ ನಮ್ಮ ಬುಗುರಿಯ ದುಂಡು ಭಾಗ ಚೊಕ್ಕವಾಯಿತು. ಆದರೆ ಕೆಳಗಿನ ಮೊಳೆಯ ಬಳಿ, ಮೇಲಿನ ಸಣ್ಣ ಹಿಡಿಕೆಯ ಬಳಿ ಬೆಳ್ಳನೆಯ ಛಾಯೆ ಹೋಗಲಿಲ್ಲ. ಆ ಭಾಗಗಳು ಫೋಕಸ್‌ನಿಂದ ಸ್ವಲ್ಪ ಹೊರಗಿದ್ದವು. ಅಲ್ಲಿ ಗಡಿಯೇ ಆರೇಳು ಪಿಕ್ಸೆಲ್ ಅಗಲಕ್ಕೆ ಹರಡಿತ್ತು. ಅಷ್ಟನ್ನು ಕುಗ್ಗಿಸಿ ತೆಗೆದರೆ ಹಿಡಿಕೆಯೇ ಹೋಗುತ್ತದೆ. ಅಂಚು ಮೃದುವಾಗಿಯೇ ಇರಬೇಕು, ಬಣ್ಣ ಮಾತ್ರ ಬದಲಾಗಬೇಕು.

ಆಲ್ಫಾ ಅರ್ಧ ಇದ್ದೂ ಬಣ್ಣ ತಿಳಿಗುಲಾಬಿಯಾಗಿದ್ದರೆ ಏನಾಗುತ್ತದೆ ನೋಡಿ. ಪೋಸ್ಟರ್‌ನ ಹಸಿರು 10, 60, 40. ಬ್ರೌಸರ್ ಅರ್ಧ ಗುಲಾಬಿ, ಅರ್ಧ ಹಸಿರು ಸೇರಿಸಿ 114, 102, 94 ಎಂಬ ಬೂದು ಬಣ್ಣ ತೋರಿಸುತ್ತದೆ. ಶುದ್ಧ ಕೆಂಪಿನಿಂದ ಲೆಕ್ಕ ಹಾಕಿದ್ದರೆ 95, 45, 40 ಎಂಬ ಗಾಢ ಕಂದು ಬರಬೇಕಿತ್ತು. ಬಿಳಿ ಒಂದು ಸಲ ಫೋಟೊದಲ್ಲಿ ಸೇರಿದೆ, ಪಾರದರ್ಶಕತೆ ಕೊಟ್ಟರೂ ಅದು ಹೊರಗೆ ಹೋಗಿಲ್ಲ.

ಸೇರಿದ ಬಿಳಿಯನ್ನು ಲೆಕ್ಕದಿಂದ ಕಳೆಯಬಹುದು. ಕಾಣುವ ಬಣ್ಣದಿಂದ ಹಾಳೆಯ ಪಾಲನ್ನು ಕಳೆದು, ಉಳಿದದ್ದನ್ನು ಆಲ್ಫಾದಿಂದ ಭಾಗಿಸಿದರೆ ವಸ್ತುವಿನ ಬಣ್ಣ ಸಿಗುತ್ತದೆ. ಇಲ್ಲಿ C ಕಾಣುವ ಬಣ್ಣ, F ವಸ್ತುವಿನ ಬಣ್ಣ, a ಆಲ್ಫಾ. ಆಲ್ಫಾವನ್ನು 0 ರಿಂದ 1ರವರೆಗಿನ ಸಂಖ್ಯೆ ಎಂದು ಹಿಡಿಯಬೇಕು.

```
F = (C - (1 - a) * 255) / a
```

ನಮ್ಮ 218ಕ್ಕೆ ಇದನ್ನು ಹಾಕಿದರೆ 218ರಿಂದ 127.5 ಕಳೆದು 0.5ರಿಂದ ಭಾಗಿಸಿ 181 ಬರುತ್ತದೆ. ಮೂಲ ಕೆಂಪು 180 ಇತ್ತು. ಒಂದರ ವ್ಯತ್ಯಾಸ ಬಂದಿದ್ದು ದಶಾಂಶವನ್ನು ಪೂರ್ಣಗೊಳಿಸಿದ್ದರಿಂದ. ಅರ್ಧ ಆಲ್ಫಾದಲ್ಲಿ ತಪ್ಪು ಎರಡು ಪಟ್ಟಾಗುತ್ತದೆ, ಆಲ್ಫಾ 0.1 ಇರುವಲ್ಲಿ ಹತ್ತು ಪಟ್ಟಾಗುತ್ತದೆ. ಜೆಪೆಗ್ ಕುಗ್ಗಿಸುವಾಗ ಸೇರಿಸಿದ ಸಣ್ಣ ಕಲೆಗಳೂ ಹತ್ತು ಪಟ್ಟು ಹಿಗ್ಗುತ್ತವೆ. ಅಂಚಿನ ತುದಿಯಲ್ಲಿ ವಿಚಿತ್ರ ಬಣ್ಣದ ಚುಕ್ಕೆಗಳು ಕಂಡರೆ ಇದೇ ಕಾರಣ. ಫೋಟೊಶಾಪ್‌ನಲ್ಲಿ Layer > Matting ಒಳಗೆ Remove White Matte ಎಂಬುದಿದೆ, ಅದು ಬಿಳಿಯ ಪಾಲನ್ನು ಕಳೆಯಲೆಂದೇ ಇರುವುದು. ಅಲ್ಲೇ ಇರುವ Defringe ಬೇರೆ ದಾರಿ ಹಿಡಿಯುತ್ತದೆ, ಒಳಗಿನ ಬಣ್ಣವನ್ನು ತಂದು ಅಂಚಿಗೆ ಬಳಿಯುತ್ತದೆ. ಬಣ್ಣ ಸಮವಾಗಿರುವ ವಸ್ತುವಿಗೆ ಎರಡನೆಯದೇ ಹೆಚ್ಚು ನಂಬಿಕಸ್ಥ ಎಂದು ನನ್ನ ಅನುಭವ.

ಗಿಂಪ್‌ನಲ್ಲಿ Colors > Color to Alpha ಇದೆ, ಬಿಳಿಯನ್ನು ಕೊಟ್ಟರೆ ಬಣ್ಣದಿಂದ ಬಿಳಿಯನ್ನು ಹಿಂಡಿ ಆಲ್ಫಾಕ್ಕೆ ಹಾಕುತ್ತದೆ. ಇದನ್ನು ಇಡೀ ಚಿತ್ರಕ್ಕೆ ಬಳಸುವುದು ಬಹಳ ಮಂದಿ ಮಾಡುವ ತಪ್ಪು. ಆ ಫಿಲ್ಟರ್‌ಗೆ ಬುಗುರಿಯ ಒಡಲು ಯಾವುದು, ಅಂಚು ಯಾವುದು ಎಂದು ತಿಳಿಯದು. ಬಿಳಿ ಎಲ್ಲಿ ಎಷ್ಟು ಕಂಡರೂ ತೆಗೆಯುತ್ತದೆ. ಒಡಲಿನ 180, 30, 40 ಎಂಬ ಗಟ್ಟಿ ಕೆಂಪಿನಿಂದಲೂ ಅದು ಬಿಳಿಯನ್ನು ಹಿಂಡಿ ಆಲ್ಫಾವನ್ನು ಸುಮಾರು ಶೇ 88ಕ್ಕೆ ಇಳಿಸುತ್ತದೆ. ಹೊಳಪಿನ ಜಾಗದಲ್ಲಂತೂ ತೂತೇ ಬೀಳುತ್ತದೆ, ಹಸಿರು ಅಲ್ಲಿಂದ ಇಣುಕುತ್ತದೆ. ಬಳಸಲೇಬೇಕೆಂದರೆ ಅಂಚಿನ ತೆಳು ಉಂಗುರವನ್ನಷ್ಟೇ ಆಯ್ಕೆ ಮಾಡಿ ಬಳಸಿ, ಅದರ ಕೆಳಗೆ ಕುಗ್ಗಿಸಿದ ಗಟ್ಟಿ ಬುಗುರಿಯ ಪದರವೊಂದನ್ನು ಇಡಿ.

ನಾವು ಹಿಡಿಕೆಗೆ ಮಾಡಿದ್ದು ಇದಕ್ಕಿಂತ ಸರಳ. ಮಾಸ್ಕ್ ಇದ್ದ ಪದರದಲ್ಲಿ ಮಾಸ್ಕ್ ಬಿಟ್ಟು ಚಿತ್ರದ ಚಿಕ್ಕ ಗುರುತಿನ ಮೇಲೆ ಕ್ಲಿಕ್ ಮಾಡಿದೆವು. Smudge ಉಪಕರಣ ತೆಗೆದುಕೊಂಡು 10 ಪಿಕ್ಸೆಲ್‌ನ ಮೆತ್ತನೆಯ ಕುಂಚದಿಂದ ಒಳಗಿನ ಕೆಂಪನ್ನು ಅಂಚಿನ ಆಚೆಗೆ ಎಳೆದೆವು. ಯಾವಾಗಲೂ ಒಳಗಿಂದ ಹೊರಕ್ಕೆ ಎಳೆಯಬೇಕು, ಹೊರಗಿಂದ ಒಳಕ್ಕೆ ಎಳೆದರೆ ಬಿಳಿಯೇ ಒಳಗೆ ಬರುತ್ತದೆ. ಆಕಾರವನ್ನು ಮಾಸ್ಕ್ ಹಿಡಿದುಕೊಂಡಿರುವುದರಿಂದ ಕೈ ಗಡಿ ದಾಟಿದರೂ ಬುಗುರಿ ದಪ್ಪವಾಗುವುದಿಲ್ಲ. ಹಿಡಿಕೆಯ ಎರಡೂ ಬದಿಗೆ ಹದಿನೈದಿಪ್ಪತ್ತು ಸಲ ಎಳೆಯುವುದರೊಳಗೆ ಬೆಳ್ಳನೆಯ ಛಾಯೆ ಕೆಂಪಾಯಿತು, ಮೃದುತನ ಹಾಗೆಯೇ ಉಳಿಯಿತು. ಹಳದಿ ಪಟ್ಟೆ ಇದ್ದಲ್ಲಿ ಪಟ್ಟೆಯ ಉದ್ದಕ್ಕೇ ಎಳೆಯಬೇಕು, ಓರೆಯಾಗಿ ಎಳೆದರೆ ಕೆಂಪು ಹಳದಿಗೆ ಬೆರೆಯುತ್ತದೆ.

ಅರಗಿನ ನುಣುಪು ಮೈಯಿರುವ ವಸ್ತುವಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಕೂದಲು, ತುಪ್ಪಳ, ಹುಲ್ಲು, ಮಲ್ಲಿಗೆ ದಂಡೆಯಂಥದಕ್ಕೆ ಒಗ್ಗುವುದಿಲ್ಲ. ಅಲ್ಲಿ ಎಳೆ ಎಳೆಯೂ ಅಂಚೇ. ಅಂಥದಕ್ಕೆ ಬಿಳಿಯ ಪಾಲನ್ನು ಕಳೆಯುವ ಲೆಕ್ಕದ ದಾರಿಯನ್ನೇ ಹಿಡಿಯಬೇಕು.

ಕಾಣದ ಪಿಕ್ಸೆಲ್‌ಗಳ ಬಿಳಿ

ಆಲ್ಫಾ 0 ಇರುವ ಪಿಕ್ಸೆಲ್‌ಗೂ ಬಣ್ಣದ ಮೂರು ಸಂಖ್ಯೆಗಳು ಇದ್ದೇ ಇರುತ್ತವೆ. ಅಳಿಸಿದ ಹಾಳೆಯ 255, 255, 255 ಆ ಪಾರದರ್ಶಕ ಜಾಗದಲ್ಲಿ ಹಾಗೆಯೇ ಉಳಿದಿರಬಹುದು. ಚಿತ್ರವನ್ನು ಇದ್ದ ಅಳತೆಯಲ್ಲೇ ತೋರಿಸುವವರೆಗೆ ಅದರಿಂದ ತೊಂದರೆಯಿಲ್ಲ. ಕುಗ್ಗಿಸುವಾಗ ಅಥವಾ ತಿರುಗಿಸುವಾಗ ತಂತ್ರಾಂಶ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆಯುತ್ತದೆ. ಒಂದು ಕಡೆ ಗಟ್ಟಿ ಕೆಂಪು, ಪಕ್ಕದಲ್ಲಿ ಕಾಣದ ಬಿಳಿ. ಆಲ್ಫಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಣ್ಣಗಳ ಸರಾಸರಿ ತೆಗೆದರೆ ಬರುವುದು 218, 143, 148. ಮೊದಲು ಕ್ಯಾಮೆರಾ ಮಾಡಿಕೊಟ್ಟ ಅದೇ ತಿಳಿಗುಲಾಬಿಯನ್ನು ಈಗ ತಂತ್ರಾಂಶ ಹೊಸದಾಗಿ ಹುಟ್ಟಿಸಿದೆ.

ಬಣ್ಣವನ್ನು ಮೊದಲು ಆಲ್ಫಾದಿಂದ ಗುಣಿಸಿ ಆಮೇಲೆ ಸರಾಸರಿ ತೆಗೆಯುವ ತಂತ್ರಾಂಶದಲ್ಲಿ ಹೀಗಾಗುವುದಿಲ್ಲ, ಏಕೆಂದರೆ ಕಾಣದ ಬಿಳಿಯ ತೂಕ ಅಲ್ಲಿ ಸೊನ್ನೆ. ಬ್ರೌಸರ್‌ಗಳು ಸಾಮಾನ್ಯವಾಗಿ ಈ ಸರಿಯಾದ ಕ್ರಮದಲ್ಲೇ ನಡೆಯುತ್ತವೆ. ತೊಂದರೆ ಹೆಚ್ಚಾಗಿ ಕಾಣುವುದು ಗೇಮ್ ತಯಾರಿಸುವ ತಂತ್ರಾಂಶಗಳಲ್ಲಿ. ಯೂನಿಟಿಯಲ್ಲಿ ಚಿತ್ರ ಆಮದು ಮಾಡಿಕೊಳ್ಳುವಾಗ Alpha Is Transparency ಎಂಬ ಗುರುತು ಹಾಕಿದರೆ ಅದು ವಸ್ತುವಿನ ಬಣ್ಣವನ್ನು ಪಾರದರ್ಶಕ ಜಾಗಕ್ಕೆ ಹರಡಿ ಈ ದೋಷವನ್ನು ತಡೆಯುತ್ತದೆ.

ಕಾಣದ ಬಣ್ಣವನ್ನು ಕಣ್ಣಾರೆ ನೋಡಲು ಇಮೇಜ್‌ಮ್ಯಾಜಿಕ್ ಎಂಬ, ಟರ್ಮಿನಲ್‌ನಲ್ಲಿ ಆದೇಶ ಬರೆದು ನಡೆಸುವ ತಂತ್ರಾಂಶದಲ್ಲಿ ಒಂದೇ ಸಾಲು ಸಾಕು. ಇದು ಆಲ್ಫಾವನ್ನು ಪಕ್ಕಕ್ಕಿಟ್ಟು ಬಣ್ಣವನ್ನಷ್ಟೇ ಬರೆಯುತ್ತದೆ.

```
magick buguri.png -alpha off banna.png
```

banna.png ತೆರೆದಾಗ ಬುಗುರಿಯ ಸುತ್ತ ಬಿಳಿ ಕಂಡರೆ ಕುಗ್ಗಿಸುವಾಗ ಬಿಳಿ ಅಂಚು ಏಳುವ ಸಾಧ್ಯತೆಯಿದೆ. ಕಪ್ಪು ಕಂಡರೆ ಅದೇ ಜಾಗದಲ್ಲಿ ಕಪ್ಪು ಅಂಚು ಏಳುತ್ತದೆ. ಬುಗುರಿಯ ಕೆಂಪೇ ಹೊರಕ್ಕೆ ಹರಡಿದಂತಿದ್ದರೆ ಅದೇ ಸರಿಯಾದ ಸ್ಥಿತಿ. Smudge ನಿಂದ ಕೆಂಪನ್ನು ಅಂಚಿನಾಚೆ ಎಳೆದ ಕೆಲಸ ಇಲ್ಲೂ ನೆರವಿಗೆ ಬರುತ್ತದೆ.

ಉಳಿಸುವಾಗ

File > Export As ತೆರೆದು ಹೆಸರಿನ ಕೊನೆಗೆ .png ಹಾಕಿ. ಮುಂದೆ ಬರುವ ಕಿಟಕಿಯಲ್ಲಿ ನೋಡಬೇಕಾದ್ದು Save color values from transparent pixels ಎಂಬ ಸಾಲು. ಗುರುತು ತೆಗೆದರೆ ಕಾಣದ ಬಣ್ಣಗಳನ್ನು ಗಿಂಪ್ ಕೈಬಿಡುತ್ತದೆ, ಕಡತವೂ ಹಗುರವಾಗುತ್ತದೆ. ಪೋಸ್ಟರ್, ಜಾಲತಾಣಗಳಿಗೆ ಹೀಗೆಯೇ ಮಾಡಿ. ಅಂಚಿನಾಚೆಗೆ ಬಣ್ಣ ಹರಡಿಟ್ಟು ಗೇಮ್‌ಗೆ ಒಯ್ಯುವವರು ಮಾತ್ರ ಗುರುತು ಇಡಬೇಕು, ಜೊತೆಗೆ ಮಾಸ್ಕ್ ಅನ್ನು ಮೊದಲೇ Layer > Mask > Apply Layer Mask ಮೂಲಕ ಪದರಕ್ಕೆ ಸೇರಿಸಿರಬೇಕು. ಪರೀಕ್ಷೆಗೆ ಹಾಕಿದ ಕಪ್ಪು ಪದರದ ಕಣ್ಣಿನ ಗುರುತನ್ನು ಮುಚ್ಚಲು ಮರೆಯಬೇಡಿ, ಅದು ತೆರೆದಿದ್ದರೆ ಕಪ್ಪು ಚೌಕವೇ ಕಡತಕ್ಕೆ ಹೋಗುತ್ತದೆ. ಮಾಸ್ಕ್ ಇರುವ ಮೂಲವನ್ನು .xcf ಆಗಿ ಬೇರೆ ಉಳಿಸಿಕೊಳ್ಳಿ.

ಗಿಫ್ ಆಗಿ ಉಳಿಸಬೇಡಿ. ಗಿಫ್‌ನಲ್ಲಿ ಪಿಕ್ಸೆಲ್ ಒಂದೋ ಕಾಣುತ್ತದೆ, ಇಲ್ಲವೋ ಇಲ್ಲ, ಅರೆ ಪಾರದರ್ಶಕತೆ ಎಂಬುದಿಲ್ಲ. ಫೋಟೊಶಾಪ್‌ನ Save for Web ಬಳಸುವವರು PNG-8 ಬದಲು PNG-24 ಆರಿಸಿ Transparency ಗುರುತು ಹಾಕಬೇಕು. PNG-8 ಮತ್ತು ಗಿಫ್‌ನಲ್ಲಿ Matte ಎಂಬ ಜಾಗದಲ್ಲಿ ಬಿಳಿ ಇದ್ದರೆ ಮೃದು ಅಂಚಿಗೆಲ್ಲ ಅದು ಬಿಳಿ ಬಳಿದು ಗಟ್ಟಿ ಮಾಡಿಬಿಡುತ್ತದೆ, ನೀವು ತೆಗೆದ ಗೆರೆ ಮತ್ತೆ ಬಂದು ಕೂರುತ್ತದೆ.

ಉಳಿಸಿದ ಕಡತವನ್ನು ಕಪ್ಪು ಮತ್ತು ಬಿಳಿ ಎರಡರ ಮೇಲೂ ಇಟ್ಟು ನೋಡಿ.

```
magick buguri.png -background black -alpha remove kappu.png
magick buguri.png -background white -alpha remove bili.png
```

ಕಪ್ಪಿನ ಮೇಲೆ ಮಾತ್ರ ನೋಡಿ ತೃಪ್ತಿಪಟ್ಟರೆ ಅತಿಯಾಗಿ ತಿದ್ದಿದ್ದು ಗೊತ್ತಾಗುವುದಿಲ್ಲ. ಬಿಳಿಯ ಮೇಲೆ ಕಡುಬಣ್ಣದ ಗೆರೆಯೋ ಗರಗಸದ ಹಲ್ಲೋ ಕಂಡರೆ ಅಂಚನ್ನು ಹೆಚ್ಚು ಕೊರೆದಿದ್ದೀರಿ.

ಯಾವ ಉಪಕರಣಕ್ಕೂ ಬಗ್ಗದ ಬಿಳಿ

ಇಷ್ಟಾದ ಮೇಲೂ ನಮ್ಮ ಬುಗುರಿಯ ಕೆಳಭಾಗದಲ್ಲಿ ಒಂದು ಬೆಳ್ಳನೆಯ ಪಟ್ಟಿ ಉಳಿಯಿತು. ಸುಮಾರು ಇಪ್ಪತ್ತು ಪಿಕ್ಸೆಲ್ ಅಗಲ, ಆಲ್ಫಾ ಶೇ 100, ಒಳಗಡೆಗೆ ನಿಧಾನವಾಗಿ ಕೆಂಪಿಗೆ ಕರಗುತ್ತಿತ್ತು. ಕುಗ್ಗಿಸಿದಷ್ಟೂ ಪಟ್ಟಿ ಒಳಗೆ ಸರಿಯಿತೇ ಹೊರತು ಹೋಗಲಿಲ್ಲ. ಇದು ಅಂಚಿನಲ್ಲಿ ಬಣ್ಣ ಕಲಸಿದ್ದಲ್ಲ, ಅರಗಿನ ಹೊಳಪಿನ ಮೈಯಲ್ಲಿ ಬಿಳಿ ಹಾಳೆಯ ಪ್ರತಿಬಿಂಬ. ದುಂಡಗಿನ ವಸ್ತುವಿನ ಅಂಚನ್ನು ಕಣ್ಣು ತೀರ ಓರೆಯಾಗಿ ನೋಡುತ್ತದೆ, ಓರೆಯಾದಷ್ಟೂ ಹೊಳಪಿನ ಮೈ ಕನ್ನಡಿಯಂತೆ ಸುತ್ತಲಿನದನ್ನು ತೋರಿಸುತ್ತದೆ. ಹಿತ್ತಾಳೆ ದೀಪ, ಸ್ಟೀಲ್ ಲೋಟ, ಗಾಜಿನ ಬಳೆಗಳಲ್ಲೂ ಹೀಗೆಯೇ. ಬುಗುರಿಯ ಮೈ ನಿಜವಾಗಿಯೂ ಅಲ್ಲಿ ಬಿಳಿಯಾಗಿತ್ತು, ಕ್ಯಾಮೆರಾ ಇದ್ದುದನ್ನೇ ಬರೆದಿತ್ತು.

ಕುಂಚ ಹಿಡಿದು ಕೆಂಪು ಬಳಿದು ನೋಡಿದೆ. ಬುಗುರಿಯ ದುಂಡುತನವೇ ಹೋಗಿ ಕಾಗದದಲ್ಲಿ ಕತ್ತರಿಸಿದಂತೆ ಚಪ್ಪಟೆಯಾಯಿತು. ಕೊನೆಗೆ ಫೋಟೊವನ್ನೇ ಮತ್ತೆ ತೆಗೆದೆವು. ಈ ಸಲ ಕೆಳಗೆ ಕಡುಬೂದು ಡ್ರಾಯಿಂಗ್ ಹಾಳೆ, ಎರಡು ಬದಿಗೆ ಕ್ಯಾಮೆರಾಕ್ಕೆ ಕಾಣದಂತೆ ಕಪ್ಪು ರಟ್ಟು, ಬೆಳಕು ಅದೇ ಕಿಟಕಿಯದು. ಬೂದಿನ ಬೆಲೆ ಮೂರು ಚಾನೆಲ್‌ಗಳಲ್ಲೂ ಸುಮಾರು 70. ಅಂಚಿನ ಅರ್ಧ ಪಿಕ್ಸೆಲ್ ಈಗ 125, 50, 55 ಆಯಿತು. ಒಂದು ಪಿಕ್ಸೆಲ್ ಅಲ್ಲಿ ಇಲ್ಲಿ ತಪ್ಪಿ ಉಳಿದರೂ ಅರ್ಧ ಆಲ್ಫಾದಲ್ಲಿ ಕಡುಹಸಿರಿನ ಮೇಲೆ ಅದು 68, 55, 48 ಎಂದು ಕಾಣುತ್ತದೆ, ಕೆಂಪಿಗೂ ಹಸಿರಿಗೂ ನಡುವಿನ ಮಬ್ಬು. ಗೆಳೆಯರು ಅದನ್ನು ಶೇ 800ರಲ್ಲಿ ಹಿಗ್ಗಿಸಿ ಸುತ್ತಲೂ ಹುಡುಕಿದರು, ಗೆರೆ ಸಿಗಲಿಲ್ಲ. ಈ ಸಲ ಕುಗ್ಗಿಸಬೇಕಾದದ್ದು ಒಂದೇ ಪಿಕ್ಸೆಲ್.